ಪಾಸ್‌ಬುಕ್ ಹೇಳದ ಶಿಲ್ಕು

ತಾಲ್ಲೂಕು ಕೇಂದ್ರವೊಂದರಲ್ಲಿ ಬಡಮಕ್ಕಳಿಗಾಗಿ ಉಚಿತ ವಿದ್ಯಾರ್ಥಿನಿಲಯ ನಡೆಸುವ ಸಣ್ಣ ಟ್ರಸ್ಟ್ ಇದೆ ಎಂದುಕೊಳ್ಳಿ. ಏಪ್ರಿಲ್ ಕೊನೆಗೆ ಅದರ ಉಳಿತಾಯ ಖಾತೆಯಲ್ಲಿ 2,75,000 ರೂಪಾಯಿ ಇದೆ, ಪೆಟ್ಟಿಗೆಯಲ್ಲಿ 11,500 ರೂಪಾಯಿ ನಗದಿದೆ. ಅಡುಗೆಮನೆಗೆ 60,000 ರೂಪಾಯಿಯ ಗ್ರೈಂಡರ್ ಬೇಕು ಎಂಬ ಮಾತು ಸಭೆಗೆ ಬರುತ್ತದೆ. ಖಜಾಂಚಿ ಪಾಸ್‌ಬುಕ್ ತಿರುವಿ ‘ದುಡ್ಡೇನೋ ಇದೆ’ ಅನ್ನುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ.

ಆ ಟ್ರಸ್ಟ್ ಅಂದು ತನ್ನಿಷ್ಟದಂತೆ ಖರ್ಚು ಮಾಡಬಹುದಾದ ಹಣ 26,500 ರೂಪಾಯಿ ಮಾತ್ರ. ಮಿಕ್ಕದ್ದರಲ್ಲಿ ಬಹುಪಾಲಿಗೆ ಆಗಲೇ ಒಂದೊಂದು ಹೆಸರಿದೆ. 2,25,000 ರೂಪಾಯಿಯನ್ನು ದಾನಿಗಳು ಹೊಸ ಕೊಠಡಿ ಕಟ್ಟಿಸಲೆಂದು ಕೊಟ್ಟಿದ್ದಾರೆ. 25,000 ರೂಪಾಯಿ ವಿದ್ಯಾರ್ಥಿವೇತನದ್ದು. ಇನ್ನೊಂದು 10,000 ರೂಪಾಯಿ ಯಾರು ಕಳಿಸಿದ್ದು, ಏಕೆ ಕಳಿಸಿದ್ದು ಎಂಬುದು ಇನ್ನೂ ತಿಳಿದಿಲ್ಲ. ಇದನ್ನು ಹೇಳುವುದು ಪಾಸ್‌ಬುಕ್ಕಿನ ಕೆಲಸವಲ್ಲ. ಹಣ ಎಲ್ಲಿದೆ ಎಂದು ಅದಕ್ಕೆ ಗೊತ್ತು, ಯಾವ ಬಾಬ್ತಿನದು ಎಂದು ಗೊತ್ತಿಲ್ಲ. ಈ ಎರಡನ್ನೂ ಹಿಡಿದಿಟ್ಟು ಪರಸ್ಪರ ತಾಳೆ ನೋಡುವ ಪುಸ್ತಕವೇ ದೇಣಿಗೆ ರಿಜಿಸ್ಟರ್. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ, ಕಂಪ್ಯೂಟರಿನ ನಾಲ್ಕು ಹಾಳೆಗಳ ಒಂದು ಸ್ಪ್ರೆಡ್‌ಶೀಟ್ ಸಾಕು. ಮೊದಲನೆಯದು ದಾನಿಗಳ ಹಾಳೆ, ಎರಡನೆಯದು ರಸೀದಿಗಳದ್ದು, ಮೂರನೆಯದು ಖರ್ಚಿನದ್ದು, ನಾಲ್ಕನೆಯದು ನಿಧಿಗಳದ್ದು.

ಕೊಟ್ಟವರು ಯಾರು?

ದಾನಿಗಳ ಹಾಳೆಯಲ್ಲಿ ಒಬ್ಬರಿಗೆ ಒಂದೇ ಸಾಲು, ಒಂದೇ ದಾನಿ ಸಂಖ್ಯೆ. ಕೇಳಲು ಸುಲಭ, ನಮ್ಮ ಹೆಸರುಗಳಲ್ಲಿ ಕಷ್ಟ. ಒಬ್ಬರೇ ವ್ಯಕ್ತಿ ಒಂದು ವರ್ಷ ಇನಿಷಿಯಲ್ ಮುಂದಿಟ್ಟು, ಮರುವರ್ಷ ಹಿಂದಿಟ್ಟು, ಮೂರನೆಯ ವರ್ಷ ಊರಿನ ಹೆಸರು ಸೇರಿಸಿ ಬರೆಸುತ್ತಾರೆ. ಪುಸ್ತಕದಲ್ಲಿ ಅವರು ಮೂವರಾಗುತ್ತಾರೆ. ಹಾಗಾಗಿ ಹೊಸ ಸಾಲು ಸೇರಿಸುವ ಮೊದಲು ಹೆಸರನ್ನು ಹುಡುಕಿದರೆ ಸಾಲದು, ಪ್ಯಾನ್ ಅಥವಾ ಮೊಬೈಲ್ ಸಂಖ್ಯೆಯನ್ನು ಹುಡುಕಬೇಕು. ಹೆಸರನ್ನು ಪ್ಯಾನ್ ಕಾರ್ಡಿನಲ್ಲಿ ಇರುವಂತೆಯೇ ಬರೆದುಕೊಳ್ಳಬೇಕು. ಪ್ಯಾನ್‌ನಲ್ಲಿ ಹತ್ತು ಸ್ಥಾನಗಳಿರುತ್ತವೆ: ಐದು ಅಕ್ಷರ, ನಾಲ್ಕು ಅಂಕಿ, ಕೊನೆಗೆ ಒಂದು ಅಕ್ಷರ. ಫೋನಿನಲ್ಲಿ ಕೇಳಿ ಬರೆದುಕೊಂಡಾಗ ಒಂದು ಅಕ್ಷರ ಜಾರಿ ಒಂಬತ್ತೇ ಉಳಿದಿದ್ದರೆ ಅಲ್ಲಿಯೇ ಎಣಿಸಿ ಹಿಡಿಯಬಹುದು.

ಇಲ್ಲಿ ಇನ್ನೊಂದು ಗೊಂದಲ ನಮ್ಮ ದಾನದ ರೀತಿಯಿಂದಲೇ ಹುಟ್ಟುತ್ತದೆ. ಮಗ ತನ್ನ ಬ್ಯಾಂಕ್ ಖಾತೆಯಿಂದ ಹಣ ಹಾಕಿ, ‘ನಮ್ಮ ತಂದೆಯವರ ಸ್ಮರಣಾರ್ಥ, ರಸೀದಿ ತಾಯಿಯ ಹೆಸರಿಗೆ ಬರಲಿ’ ಎನ್ನುತ್ತಾನೆ. ಮೂವರೂ ಒಂದೇ ಮನೆಯವರು, ಕೇಳಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ತೆರಿಗೆಯ ಲೆಕ್ಕದಲ್ಲಿ ದಾನಿ ಎಂದರೆ ಹಣ ಯಾರದೋ ಅವರು. ರಸೀದಿ ಮಗನ ಹೆಸರಿಗೇ ಹೋಗಬೇಕು. ತಂದೆಯ ಹೆಸರನ್ನು ಬರೆಯಲು ‘ಸ್ಮರಣಾರ್ಥ’ ಎಂಬ ಪ್ರತ್ಯೇಕ ಕಾಲಂ ಇಟ್ಟು, ಅದನ್ನು ರಸೀದಿಯ ಮೇಲೂ ಫಲಕದ ಮೇಲೂ ಅಚ್ಚು ಹಾಕಿಸಿದರೆ ಯಾರಿಗೂ ಬೇಸರವಾಗುವುದಿಲ್ಲ. ಆ ಕಾಲಂ ಇಲ್ಲದಿದ್ದರೆ ಗುಮಾಸ್ತರು ತೀರಿಕೊಂಡವರ ಹೆಸರನ್ನೇ ದಾನಿಯ ಜಾಗದಲ್ಲಿ ಬರೆದುಬಿಡುತ್ತಾರೆ.

ಪೌರತ್ವಕ್ಕೂ ಒಂದು ಕಾಲಂ ಬೇಕು. ವಿದೇಶದಲ್ಲಿರುವ ಕನ್ನಡಿಗರು ಹುಟ್ಟೂರಿನ ಶಾಲೆಗೆ, ಆಸ್ಪತ್ರೆಗೆ ಹಣ ಕಳಿಸುವುದು ವಾಡಿಕೆ. ಭಾರತದ ಪಾಸ್‌ಪೋರ್ಟ್ ಉಳ್ಳವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಅದೇ ವ್ಯಕ್ತಿ ಅಮೆರಿಕದ ಪೌರತ್ವ ಪಡೆದ ಮೇಲೆ, ರಜೆಗೆ ಊರಿಗೆ ಬಂದಾಗ ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಪಡೆಯುವಂತಿಲ್ಲ. ನೋಂದಣಿ ಇದ್ದರೂ ಹಣ ಮೊದಲು ಬಂದು ಬೀಳಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಗೊತ್ತುಪಡಿಸಿದ ಖಾತೆಗೆ. ಓಸಿಐ ಕಾರ್ಡ್ ಇದ್ದ ಮಾತ್ರಕ್ಕೆ ಭಾರತದ ಪೌರರಾಗುವುದಿಲ್ಲ. ಹಣ ಖಾತೆಗೆ ಬಂದ ಮೇಲೆ ವಿಚಾರಿಸುವುದಕ್ಕಿಂತ ಮೊದಲೇ ಕೇಳಿ ಬರೆದುಕೊಳ್ಳುವುದು ಕ್ಷೇಮ.

ರಸೀದಿಯ ಸರಪಳಿ

ರಸೀದಿಗಳ ಹಾಳೆಯಲ್ಲಿ ಒಂಬತ್ತು ಕಾಲಂ ಸಾಕು: ರಸೀದಿ ಸಂಖ್ಯೆ, ದಿನಾಂಕ, ದಾನಿ ಸಂಖ್ಯೆ, ಸ್ಮರಣಾರ್ಥ, ಪಾವತಿಯ ವಿಧಾನ, ಬಾಬ್ತು, ಮೊತ್ತ, ಬ್ಯಾಂಕಿನ ಉಲ್ಲೇಖ ಸಂಖ್ಯೆ, ಸ್ಥಿತಿ. ಕೊನೆಯ ಕಾಲಂನಲ್ಲಿ ಮೂರೇ ಪದಗಳು. ಹಣ ನಿಜಕ್ಕೂ ಕೈಸೇರಿದ್ದರೆ `OK`, ಚೆಕ್ ಇನ್ನೂ ನಗದಾಗದಿದ್ದರೆ `PENDING`, ರದ್ದಾಗಿದ್ದರೆ `CANCELLED`.

ರಸೀದಿ ಸಂಖ್ಯೆ ಒಂದಾದ ಮೇಲೊಂದು ಬರಬೇಕು, ನಡುವೆ ಕೊಂಡಿ ಕಳಚಬಾರದು. ಕೆಟ್ಟು ಹೋದ ರಸೀದಿಯನ್ನು ಹರಿದು ಬಿಸಾಡದೆ, ಎರಡೂ ಪ್ರತಿಗಳನ್ನು ಪುಸ್ತಕದಲ್ಲೇ ಉಳಿಸಿ ಮೇಲೆ ‘ರದ್ದು’ ಎಂದು ಬರೆಯುವುದು ಹಳೆಯ ಕ್ರಮ. ಕಂಪ್ಯೂಟರಿನಲ್ಲಿಯೂ ಅದೇ ಕ್ರಮ ಉಳಿಯಬೇಕು, ಸಾಲನ್ನು ಅಳಿಸಬಾರದು, ಸ್ಥಿತಿಯನ್ನಷ್ಟೇ ಬದಲಿಸಬೇಕು. ಜಾತ್ರೆಗೋ ವಾರ್ಷಿಕೋತ್ಸವಕ್ಕೋ ಐದಾರು ಸ್ವಯಂಸೇವಕರ ಕೈಗೆ ರಸೀದಿ ಪುಸ್ತಕ ಕೊಟ್ಟಾಗ ತೊಂದರೆ ಶುರುವಾಗುತ್ತದೆ. ಯಾರಿಗೆ ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗಿನ ಪುಸ್ತಕ ಹೋಯಿತು, ಎಂದು ಹಿಂದಿರುಗಿತು ಎಂದು ಬರೆದಿಡದಿದ್ದರೆ, ಬಾರದ ಪುಸ್ತಕದ ಬಗ್ಗೆ ಯಾರೂ ಕೇಳುವುದಿಲ್ಲ. ಸರಪಳಿ ಕಳಚಿದೆಯೇ ಎಂದು ತಿಳಿಯಲು ಒಂದು ಸಾಲಿನ ಸೂತ್ರ ಸಾಕು:

```
=MAX(A2:A5000)-MIN(A2:A5000)+1-COUNT(A2:A5000)
```

ಉತ್ತರ ಸೊನ್ನೆ ಬಂದರೆ ಸರಿ. 3 ಬಂದರೆ ಮೂರು ರಸೀದಿಗಳ ಲೆಕ್ಕ ಪುಸ್ತಕಕ್ಕೆ ಬಂದಿಲ್ಲ ಎಂದರ್ಥ. ಒಂದೇ ಸಂಖ್ಯೆ ಎರಡು ಬಾರಿ ಬರೆದಿದ್ದರೆ ಅದು ಇನ್ನೊಂದು ಕಾಣೆಯಾದದ್ದನ್ನು ಮುಚ್ಚಿಹಾಕಬಹುದು. ಆದ್ದರಿಂದ ಪುನರಾವರ್ತನೆ ಇದೆಯೇ ಎಂದು `COUNTIF` ಬಳಸಿ ಬೇರೆಯಾಗಿ ನೋಡಬೇಕು. ಈ ಸೂತ್ರ ಕೆಲಸ ಮಾಡಬೇಕಾದರೆ ಕಾಲಂನಲ್ಲಿ ಬರೀ ಅಂಕಿ ಇರಬೇಕು, ಆರ್ಥಿಕ ವರ್ಷವನ್ನು ಮುದ್ರಿಸುವಾಗ ಸೇರಿಸಿಕೊಂಡರಾಯಿತು.

ಪಾವತಿಯ ವಿಧಾನ ಬರೆಯುವುದು ಬರೀ ಶಿಸ್ತಿಗಾಗಿ ಅಲ್ಲ. ಆದಾಯ ತೆರಿಗೆಯ 80ಜಿ ವಿನಾಯಿತಿ 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಸಿಗುವುದಿಲ್ಲ. 5,000 ರೂಪಾಯಿ ನಗದು ಕೊಟ್ಟವರಿಗೆ ಮೊದಲ 2,000ಕ್ಕಾದರೂ ಸಿಕ್ಕೀತೆಂದು ತಿಳಿಯಬೇಡಿ, ಇಡೀ ಮೊತ್ತಕ್ಕೇ ಇಲ್ಲ. ವಸ್ತುರೂಪದ ದಾನಕ್ಕೂ ಇಲ್ಲ. ಹತ್ತು ಮೂಟೆ ಅಕ್ಕಿ ಕೊಟ್ಟವರಿಗೆ ಸ್ವೀಕೃತಿ ಪತ್ರ ಕೊಡಿ. ಅದರಲ್ಲಿ ತೂಕ ಬರೆಯಿರಿ, ಬೆಲೆ ಕಟ್ಟಿ ಹಣದ ರಸೀದಿ ಬರೆಯಬೇಡಿ. ಅಕ್ಕಿಯ ಲೆಕ್ಕ ದಾಸ್ತಾನು ಪುಸ್ತಕಕ್ಕೆ ಸೇರಿದ್ದು.

ಒಂದು ತಿಂಗಳ ಲೆಕ್ಕ

ಇನ್ನು ಮೊದಲು ಹೇಳಿದ 26,500 ರೂಪಾಯಿ ಎಲ್ಲಿಂದ ಬಂತು ನೋಡೋಣ. ಏಪ್ರಿಲ್ 1ರಂದು ಆ ಟ್ರಸ್ಟಿನ ಆರಂಭ ಶಿಲ್ಕು ಒಟ್ಟು 6,00,000 ರೂಪಾಯಿ. ಬಾಬ್ತುವಾರು ಹೇಳುವುದಾದರೆ ಸಾಮಾನ್ಯ ನಿಧಿ 40,000, ಅನ್ನದಾಸೋಹ 60,000, ವಿದ್ಯಾರ್ಥಿವೇತನ 25,000, ಕಟ್ಟಡ 1,75,000, ದತ್ತಿನಿಧಿ 3,00,000. ಅದೇ ಹಣ ಇರುವ ಜಾಗ ಹೇಳುವುದಾದರೆ ಠೇವಣಿಯಲ್ಲಿ 3,00,000, ಉಳಿತಾಯ ಖಾತೆಯಲ್ಲಿ 2,90,000, ಪೆಟ್ಟಿಗೆಯಲ್ಲಿ 10,000. ಎರಡು ಕಡೆಯೂ 6,00,000.

ಆ ತಿಂಗಳು ಐದು ಘಟನೆಗಳು ನಡೆದವು. ಕಟ್ಟಡಕ್ಕೆಂದು 50,000 ರೂಪಾಯಿ ಬ್ಯಾಂಕ್ ವರ್ಗಾವಣೆಯಲ್ಲಿ ಬಂತು. ಅನ್ನದಾಸೋಹಕ್ಕೆ 1,500 ನಗದು ಬಂತು. ವಿದ್ಯಾರ್ಥಿವೇತನಕ್ಕೆ 20,000 ರೂಪಾಯಿಯ ಚೆಕ್ ಬಂದು, ಖಾತೆಯಲ್ಲಿ ಹಣವಿಲ್ಲವೆಂದು ವಾಪಸಾಯಿತು. ಯುಪಿಐ ಮೂಲಕ 10,000 ರೂಪಾಯಿ ಬಂತು, ಹೆಸರು ಸ್ಪಷ್ಟವಿಲ್ಲ, ಫೋನೂ ಬರಲಿಲ್ಲ. ದಿನಸಿ ಅಂಗಡಿಗೆ 75,000 ರೂಪಾಯಿ ಖಾತೆಯಿಂದ ಪಾವತಿಯಾಯಿತು. ಚೆಕ್ ವಾಪಸಾದದ್ದಕ್ಕೆ ಬ್ಯಾಂಕ್ ಹಾಕುವ ಶುಲ್ಕವನ್ನು ಸದ್ಯಕ್ಕೆ ಬದಿಗಿಡೋಣ.

ನಿಧಿಗಳ ಹಾಳೆಯಲ್ಲಿ ಒಂದು ಬಾಬ್ತಿಗೆ ಒಂದು ಸಾಲು. A ಕಾಲಂನಲ್ಲಿ ಬಾಬ್ತಿನ ಹೆಸರು, B ಆರಂಭ ಶಿಲ್ಕು, C ಜಮಾ, D ಖರ್ಚು, E ಒಂದು ನಿಧಿಯಿಂದ ಇನ್ನೊಂದಕ್ಕೆ ವರ್ಗಾವಣೆ, F ಆಖೈರು ಶಿಲ್ಕು. ಸೂತ್ರದಲ್ಲಿ ರಸೀದಿಗಳ ಹಾಳೆಯ ಹೆಸರು `Receipts`, ಖರ್ಚಿನ ಹಾಳೆಯದು `Payments`; ಖರ್ಚಿನ ಹಾಳೆಯ D ಕಾಲಂನಲ್ಲಿ ಬಾಬ್ತು, E ಕಾಲಂನಲ್ಲಿ ಮೊತ್ತ. ಶಿಲ್ಕನ್ನು ಯಾರೂ ಕೈಯಿಂದ ಬರೆಯುವುದಿಲ್ಲ:

```
C2: =SUMIFS(Receipts!$G:$G, Receipts!$F:$F, $A2, Receipts!$I:$I, "OK")
D2: =SUMIFS(Payments!$E:$E, Payments!$D:$D, $A2)
F2: =B2+C2-D2+E2
```

ಮೊದಲ ಸೂತ್ರ ರಸೀದಿಗಳ ಹಾಳೆಯಲ್ಲಿ ಆ ಬಾಬ್ತಿಗೆ ಸೇರಿದ, ಸ್ಥಿತಿ `OK` ಆಗಿರುವ ಮೊತ್ತಗಳನ್ನಷ್ಟೇ ಕೂಡಿಸುತ್ತದೆ. ಎರಡನೆಯದು ಅದೇ ಬಾಬ್ತಿನ ಖರ್ಚು ಕೂಡಿಸುತ್ತದೆ. ಬಾಬ್ತಿನ ಹೆಸರು ಎಲ್ಲ ಹಾಳೆಗಳಲ್ಲೂ ಅಕ್ಷರಶಃ ಒಂದೇ ಆಗಿರಬೇಕು. ‘ಅನ್ನದಾಸೋಹ’ ಎಂಬಲ್ಲಿ ಒಮ್ಮೆ ‘ದಾಸೋಹ’ ಎಂದು ಬರೆದರೂ ಆ ಹಣ ಯಾವ ನಿಧಿಗೂ ಸೇರದೆ ಹೊರಗುಳಿಯುತ್ತದೆ. ಟೈಪ್ ಮಾಡಲು ಬಿಡದೆ ಪಟ್ಟಿಯಿಂದ ಆರಿಸುವ ವ್ಯವಸ್ಥೆ ಮಾಡುವುದು ಇದಕ್ಕಾಗಿಯೇ.

ಈಗ ತಿಂಗಳ ಕೊನೆಯ ಶಿಲ್ಕು ಹೀಗಿದೆ. ಸಾಮಾನ್ಯ ನಿಧಿ 40,000. ವಿದ್ಯಾರ್ಥಿವೇತನ 25,000, ಏಕೆಂದರೆ ವಾಪಸಾದ ಚೆಕ್ ಲೆಕ್ಕಕ್ಕಿಲ್ಲ. ಕಟ್ಟಡ 2,25,000. ದತ್ತಿ 3,00,000. ಗುರುತಿಲ್ಲದ ಜಮೆ 10,000. ಅನ್ನದಾಸೋಹ ಋಣ 13,500. ಕೂಡಿಸಿ ಕಳೆದರೆ 5,86,500. ಇನ್ನೊಂದು ಬದಿಯಲ್ಲಿ ಠೇವಣಿ 3,00,000, ಉಳಿತಾಯ ಖಾತೆ 2,75,000, ನಗದು 11,500. ಅದೂ 5,86,500. ತಾಳೆಯಾಯಿತು.

ಋಣ 13,500 ಎಂಬ ಅಂಕಿಯ ಮುಂದೆ ಸ್ವಲ್ಪ ನಿಲ್ಲಬೇಕು. ದಿನಸಿ ಅಂಗಡಿಯವರಿಗೆ ಹಣ ಸಂದಿದೆ, ಬ್ಯಾಂಕ್ ಆಕ್ಷೇಪಿಸಿಲ್ಲ, ಯಾರೂ ಒಂದು ಪೈಸೆ ಮುಟ್ಟಿಲ್ಲ. ಆದರೂ ದಾಸೋಹದಲ್ಲಿ ಇರದಿದ್ದ 13,500 ರೂಪಾಯಿ ಬೇರೆ ಬಾಬ್ತಿನಿಂದ ಹೋಗಿದೆ. ಒಂದೇ ಖಾತೆಯಲ್ಲಿ ಕಲೆತ ಹಣವಾದ್ದರಿಂದ ಯಾರದು ಎಂದು ಬೆರಳು ಮಾಡಲಾಗದು. ಹೆಚ್ಚು ಹಣವಿರುವುದು ಕಟ್ಟಡ ನಿಧಿಯಲ್ಲಿ, ಹಾಗಾಗಿ ಹೊರೆ ಅದರ ಮೇಲೇ ಬೀಳುತ್ತದೆ. ಹೀಗೆ ತಿಂಗಳು ತಿಂಗಳು ನಡೆದರೆ, ಗುತ್ತಿಗೆದಾರರು ಬಿಲ್ ತಂದ ದಿನ ಕಟ್ಟಡದ ಹಣ ಊಟಕ್ಕೆ ಹೋಗಿತ್ತೆಂದು ಗೊತ್ತಾಗುತ್ತದೆ. ಋಣ ಶಿಲ್ಕು ಕಂಡ ಕೂಡಲೇ ಟ್ರಸ್ಟಿಗಳ ಸಭೆ ಸಾಮಾನ್ಯ ನಿಧಿಯಿಂದ 13,500 ರೂಪಾಯಿ ದಾಸೋಹಕ್ಕೆ ವರ್ಗಾಯಿಸುವ ಠರಾವು ಮಾಡಬೇಕು. E ಕಾಲಂನಲ್ಲಿ ಒಂದೆಡೆ ಕಳೆದು, ಇನ್ನೊಂದೆಡೆ ಕೂಡಿಸಿ, ಠರಾವಿನ ಸಂಖ್ಯೆ ಬರೆಯಬೇಕು. ದಾಸೋಹ ಸೊನ್ನೆಗೆ ಬರುತ್ತದೆ, ಸಾಮಾನ್ಯ ನಿಧಿಯಲ್ಲಿ ಉಳಿಯುವುದು 26,500. ಗ್ರೈಂಡರಿಗೆ ಅದು ಸಾಲದು.

ಚೆಕ್ಕಿನ ವಿಷಯಕ್ಕೆ ಬರೋಣ. ಗುಮಾಸ್ತರು ಚೆಕ್ ಬಂದ ದಿನವೇ `OK` ಎಂದು ಬರೆದು ಮರೆತಿದ್ದರೆ, ನಿಧಿಗಳ ಮೊತ್ತ 6,06,500 ಎಂದು ತೋರುತ್ತಿತ್ತು, ಜಾಗಗಳ ಮೊತ್ತ 5,86,500ರಲ್ಲೇ ಇರುತ್ತಿತ್ತು. ವ್ಯತ್ಯಾಸ ಸರಿಯಾಗಿ 20,000. ಇಂಥ ಅಂಕಿ ಕಂಡಾಗ ಮೊದಲು ಅಷ್ಟೇ ಮೊತ್ತದ ಒಂದೇ ನಮೂದನ್ನು ಹುಡುಕುವುದು ಲೆಕ್ಕದವರ ರೂಢಿ, ಬಹಳ ಸಲ ಅಪರಾಧಿ ಅಲ್ಲೇ ಸಿಗುತ್ತದೆ.

ಹೆಸರಿಲ್ಲದ ಹತ್ತು ಸಾವಿರ

ಯುಪಿಐ ಬಂದ ಮೇಲೆ ಗುರುತಿಲ್ಲದ ಜಮೆಗಳು ಹೆಚ್ಚು. ಗೋಡೆಯ ಮೇಲಿನ ಕ್ಯೂಆರ್ ಫಲಕಕ್ಕೆ ಫೋನ್ ಹಿಡಿದು ಹಣ ಹಾಕಿದವರು ಹೆಸರು ಹೇಳದೆ ಹೋಗಿರುತ್ತಾರೆ. ಬ್ಯಾಂಕ್ ವಿವರಪಟ್ಟಿಯಲ್ಲಿ ಸಿಗುವುದು ಒಂದು ಉಲ್ಲೇಖ ಸಂಖ್ಯೆ, ಒಮ್ಮೊಮ್ಮೆ ಅರ್ಧ ಹೆಸರು. ಇದನ್ನು ಸಾಮಾನ್ಯ ನಿಧಿಗೆ ಹಾಕಿ ಮುಗಿಸುವ ಆಸೆ ಯಾರಿಗಾದರೂ ಆಗುತ್ತದೆ. ಹಾಗೆ ಮಾಡದೆ, ರಸೀದಿ ಸಂಖ್ಯೆಯ ಜಾಗ ಖಾಲಿ ಬಿಟ್ಟು, ಬಾಬ್ತಿನಲ್ಲಿ ‘ಗುರುತಿಲ್ಲದ ಜಮೆ’ ಎಂದು ಬರೆದು, ಉಲ್ಲೇಖ ಸಂಖ್ಯೆಯನ್ನು ಪೂರ್ತಿಯಾಗಿ ನಮೂದಿಸಬೇಕು. ಎರಡು ತಿಂಗಳ ನಂತರ ದಾನಿ ಕರೆ ಮಾಡಿ ‘ರಸೀದಿ ಬಂದಿಲ್ಲವಲ್ಲ’ ಎಂದಾಗ ಅವರ ಫೋನಿನಲ್ಲಿರುವ ಅದೇ ಸಂಖ್ಯೆಯಿಂದ ಸಾಲು ಸಿಗುತ್ತದೆ. ಆಗ ಬಾಬ್ತು ಬದಲಿಸಿ, ರಸೀದಿ ಕೊಡಬಹುದು.

ವರ್ಷಾಂತ್ಯದವರೆಗೂ ಗುರುತು ಸಿಗದಿದ್ದರೆ ಅದು ಅನಾಮಧೇಯ ದೇಣಿಗೆ. 1961ರ ಆದಾಯ ತೆರಿಗೆ ಕಾಯ್ದೆಯ ಲೆಕ್ಕದಲ್ಲಿ, ಒಟ್ಟು ದೇಣಿಗೆಯ ಶೇ. 5 ಅಥವಾ ಒಂದು ಲಕ್ಷ ರೂಪಾಯಿ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟನ್ನು ಬಿಟ್ಟು ಉಳಿದ ಅನಾಮಧೇಯ ದೇಣಿಗೆಗೆ ಶೇ. 30 ತೆರಿಗೆ ಇತ್ತು. ಕೇವಲ ಧಾರ್ಮಿಕ ಉದ್ದೇಶದ ಸಂಸ್ಥೆಗಳಿಗೆ ಇದು ಅನ್ವಯಿಸುತ್ತಿರಲಿಲ್ಲ, ದೇವಸ್ಥಾನದ ಹುಂಡಿಯಲ್ಲಿ ಹೆಸರು ಕೇಳುವವರಾರು? ನಮ್ಮ ಸಣ್ಣ ಟ್ರಸ್ಟಿಗೆ ಹತ್ತು ಸಾವಿರದಿಂದ ತೆರಿಗೆ ಬೀಳದು. ಆದರೆ ಗುರುತಿಲ್ಲದ ಜಮೆ ಎಷ್ಟಾಗಿದೆ ಎಂದು ತಿಂಗಳು ತಿಂಗಳು ಕಾಣುತ್ತಿದ್ದರೆ ಮಾತ್ರ ಆ ಮಿತಿ ಹತ್ತಿರವಾಗುತ್ತಿದೆಯೇ ಎಂದು ತಿಳಿದೀತು.

ದತ್ತಿಯ ಅಸಲು

ಕನ್ನಡ ನಾಡಿನಲ್ಲಿ ದತ್ತಿಯ ಪರಿಚಯ ಇಲ್ಲದವರು ಕಡಿಮೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳು ಊರೂರಿನಲ್ಲಿ ನಡೆಯುತ್ತವೆ. ಅಸಲು ಹಾಗೇ ಇರಬೇಕು, ಬಡ್ಡಿಯಲ್ಲಿ ಪ್ರತಿವರ್ಷ ಗೊತ್ತಾದ ಕೆಲಸ ಆಗಬೇಕು ಎಂಬುದು ಅದರ ಕರಾರು. ರಿಜಿಸ್ಟರಿನಲ್ಲಿ ಇದನ್ನು ಎರಡು ಸಾಲಾಗಿ ಇಡಬೇಕು. ಅಸಲು ದತ್ತಿನಿಧಿಯ ಸಾಲಿನಲ್ಲಿ, ಬಡ್ಡಿ ಅದರ ಉದ್ದೇಶದ ಸಾಲಿನಲ್ಲಿ. ನಮ್ಮ ಟ್ರಸ್ಟಿನ 3,00,000 ರೂಪಾಯಿ ಠೇವಣಿಗೆ ಶೇ. 7ರಂತೆ ವರ್ಷಕ್ಕೆ 21,000 ಬಡ್ಡಿ ಬಂದರೆ, ಅದರಲ್ಲಿ 50,000 ರೂಪಾಯಿ ದತ್ತಿ ಇಟ್ಟವರ ಪಾಲು ಆರರಲ್ಲೊಂದು, 3,500 ರೂಪಾಯಿ. ಅವರ ಹೆಸರಿನ ಬಹುಮಾನಕ್ಕೆ ಪ್ರತಿವರ್ಷ 5,000 ಕೊಡುತ್ತಿದ್ದರೆ ಉಳಿದ 1,500 ಅಸಲಿನಿಂದಲೋ ಸಾಮಾನ್ಯ ನಿಧಿಯಿಂದಲೋ ಸದ್ದಿಲ್ಲದೆ ಹೋಗುತ್ತಿದೆ. ಬಡ್ಡಿದರ ಹೆಚ್ಚಿದ್ದ ಕಾಲದಲ್ಲಿ ಗೊತ್ತುಮಾಡಿದ ಬಹುಮಾನದ ಮೊತ್ತಗಳು ಹೀಗೆಯೇ ದತ್ತಿಯನ್ನು ಸವೆಸುತ್ತವೆ.

ಮೂಲನಿಧಿಗೆ ತೆರಿಗೆ ಕಾನೂನಿನಲ್ಲಿ ಬೇರೆ ಸ್ಥಾನವಿದೆ. ಸಾಮಾನ್ಯ ದೇಣಿಗೆಯನ್ನು ಸಂಸ್ಥೆಯ ಆದಾಯವೆಂದು ಎಣಿಸಿ ಅದರ ಶೇ. 85ರಷ್ಟನ್ನು ಉದ್ದೇಶಕ್ಕೆ ವಿನಿಯೋಗಿಸಬೇಕೆಂಬ ನಿಯಮವಿದೆ. ಮೂಲನಿಧಿಗೆಂದೇ ದಾನಿ ಸ್ಪಷ್ಟವಾಗಿ ಸೂಚಿಸಿ ಕೊಟ್ಟ ಹಣಕ್ಕೆ, ಅದನ್ನು ಕಾನೂನು ಹೇಳಿದ ರೀತಿಯಲ್ಲಿ ಪ್ರತ್ಯೇಕವಾಗಿ ತೊಡಗಿಸಿದ್ದರೆ, ಈ ಒತ್ತಡವಿಲ್ಲ. ಸೂಚನೆ ದಾನಿಯದೇ ಆಗಿರಬೇಕು. ಮಾರ್ಚ್ ಕೊನೆಗೆ ಹಣ ಉಳಿಯಿತೆಂದು ಟ್ರಸ್ಟಿಗಳು ಕೂತು ‘ಇದನ್ನು ಮೂಲನಿಧಿಗೆ ಸೇರಿಸೋಣ’ ಎಂದರೆ ಆಗದು. ಆದ್ದರಿಂದ ದತ್ತಿಯ ಪ್ರತಿ ಸಾಲಿಗೂ ದಾನಿಯ ಪತ್ರದ ಕಡತ ಸಂಖ್ಯೆ ಇರಲೇಬೇಕು.

ಮೇ 31ರ ಪರೀಕ್ಷೆ

80ಜಿ ಮಾನ್ಯತೆ ಇರುವ ಸಂಸ್ಥೆಗಳು 2021-22ರಿಂದ ಪ್ರತಿ ಆರ್ಥಿಕ ವರ್ಷದ ದೇಣಿಗೆಗಳ ಪಟ್ಟಿಯನ್ನು ಫಾರ್ಮ್ 10ಬಿಡಿ ಮೂಲಕ ಮುಂದಿನ ಮೇ 31ರೊಳಗೆ ತೆರಿಗೆ ಇಲಾಖೆಗೆ ಸಲ್ಲಿಸಬೇಕಾಯಿತು. ಅದರಿಂದ ಹುಟ್ಟುವ 10ಬಿಇ ಪ್ರಮಾಣಪತ್ರವೇ ದಾನಿಯ ವಿನಾಯಿತಿಗೆ ಆಧಾರ, ಬರೀ ರಸೀದಿ ಸಾಲದು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ದಾನಿಯ ಹೆಸರು, ವಿಳಾಸ, ಗುರುತಿನ ಸಂಖ್ಯೆ, ದೇಣಿಗೆ ಮೂಲನಿಧಿಗೋ ಬೇರೆ ಬಾಬ್ತಿಗೋ, ನಗದೋ ಬ್ಯಾಂಕ್ ಮೂಲಕವೋ, ಎಷ್ಟು ಎಂದು ಆ ಪಟ್ಟಿ ಕೇಳುತ್ತದೆ. ನಮ್ಮ ಮೊದಲೆರಡು ಹಾಳೆಗಳಲ್ಲಿ ಇವೆಲ್ಲ ಆಗಲೇ ಇವೆ. ವರ್ಷವಿಡೀ ಬರೆಯದವರು ಮೇ ತಿಂಗಳಲ್ಲಿ ದಾನಿಗಳಿಗೆಲ್ಲ ಫೋನ್ ಮಾಡಿ ಪ್ಯಾನ್ ಕೇಳುತ್ತ ಕೂರಬೇಕಾಗುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗಿ ಕಲಮುಗಳ ಸಂಖ್ಯೆ ಬದಲಾಗಿದೆ. ಅಂದಿನಿಂದಾಚೆಯ ದೇಣಿಗೆಗಳಿಗೆ ಯಾವ ಕಲಂ, ಯಾವ ಫಾರ್ಮ್, ಯಾವ ಮಿತಿ ಎಂದು ಆಡಿಟರರಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು.

ತಾಳೆ ಹಿಡಿಯದ ತಪ್ಪು

ಎರಡು ಮೊತ್ತಗಳು ತಾಳೆಯಾದವೆಂದರೆ ಪುಸ್ತಕ ಸರಿಯಿದೆ ಎಂದಾಯಿತೆ? ಪೂರ್ತಿ ಇಲ್ಲ. ಕಟ್ಟಡಕ್ಕೆ ಬಂದ 50,000 ರೂಪಾಯಿಯನ್ನು ಗುಮಾಸ್ತರು ಅನ್ನದಾಸೋಹಕ್ಕೆ ಬರೆದಿದ್ದರೂ ಒಟ್ಟು ಮೊತ್ತ ಅಷ್ಟೇ ಇರುತ್ತಿತ್ತು. ದಾಸೋಹದ ಋಣ ಮಾಯವಾಗಿ 36,500 ರೂಪಾಯಿ ಉಳಿತಾಯ ಕಾಣುತ್ತಿತ್ತು, ಎಲ್ಲರೂ ನಿಶ್ಚಿಂತರಾಗಿ ಮನೆಗೆ ಹೋಗುತ್ತಿದ್ದರು. ಮೊತ್ತದ ತಪ್ಪನ್ನು ಕೂಡುವ ಲೆಕ್ಕ ಹಿಡಿಯುತ್ತದೆ, ಬಾಬ್ತಿನ ತಪ್ಪನ್ನು ಹಿಡಿಯಬಲ್ಲವರು ಕೊಟ್ಟವರೊಬ್ಬರೇ. ಹಾಗಾಗಿ ರಸೀದಿಯಲ್ಲಿ ‘ದೇಣಿಗೆ ಬಾಬ್ತು’ ಎಂದಷ್ಟೇ ಅಚ್ಚು ಹಾಕಿಸಿ ಬಿಡಬಾರದು. ‘ಕಟ್ಟಡ ನಿಧಿಗೆ’ ಎಂದು ಬಿಡಿಸಿ ಬರೆಯಬೇಕು, ಮತ್ತು ಆ ಪದ ಕೈಬರಹದಿಂದ ಬಾರದೆ ರಿಜಿಸ್ಟರಿನ ಅದೇ ಸಾಲಿನಿಂದ ಮುದ್ರಣವಾಗಬೇಕು. ಆಗ ಪುಸ್ತಕದಲ್ಲಿ ತಪ್ಪಿದ್ದರೆ ರಸೀದಿಯಲ್ಲೂ ಅದೇ ತಪ್ಪಿರುತ್ತದೆ. ‘ನಾನು ಕೊಟ್ಟಿದ್ದು ಕೊಠಡಿಗೆ, ಇದರಲ್ಲಿ ಊಟಕ್ಕೆ ಎಂದಿದೆಯಲ್ಲ’ ಎಂದು ದಾನಿಯ ಫೋನ್ ಬರುತ್ತದೆ. ಅಂಥ ಕರೆಯನ್ನು ದೂರಿನ ಕಡತಕ್ಕೆ ಸೇರಿಸದೆ, ಆಡಿಟರ್ ಕೂಡ ಮಾಡಲಾಗದ ತಪಾಸಣೆಯೊಂದು ಪುಕ್ಕಟೆಯಾಗಿ ಆಯಿತೆಂದು ತಿಳಿದು ಅದೇ ದಿನ ಸಾಲನ್ನು ತಿದ್ದಬೇಕು.